ಫ್ಲೂ ಬಿಟ್ಟಿತು ಅನ್ನುವಷ್ಟರಲ್ಲಿ ಮತ್ತೆ ಚಳಿಜ್ವರ: ನ್ಯುಮೋನಿಯಾವನ್ನು ಗುರುತಿಸುವುದು ಹೇಗೆ?

ಫ್ಲೂ ಜ್ವರಕ್ಕೆ ಅದರದ್ದೇ ಒಂದು ನಡೆ ಇದೆ. ಇದ್ದಕ್ಕಿದ್ದಂತೆ ಬರುತ್ತದೆ. ಮೂರ್ನಾಲ್ಕು ದಿನ ಮೈಕೈ ನೋವು, ತಲೆನೋವು, ಒಣ ಕೆಮ್ಮು ಅಂತ ಮಲಗಿಸುತ್ತದೆ. ಐದನೇ ದಿನದ ಹೊತ್ತಿಗೆ ಸಾಮಾನ್ಯವಾಗಿ ಜ್ವರ ಇಳಿದಿರುತ್ತದೆ. ಆಮೇಲೂ ಕೆಮ್ಮು, ಸುಸ್ತು ಎರಡು ವಾರ ಇರಬಹುದು. ಅದಕ್ಕೆ ಗಾಬರಿ ಬೇಡ. ಆದರೆ ಬಿಟ್ಟ ಜ್ವರ ಮತ್ತೆ ಏರಬಾರದು. ಏರಿದರೆ, ಅದರಲ್ಲೂ ನಡುಕದ ಜೊತೆ ಏರಿದರೆ, ಅದನ್ನು ಅದೇ ಫ್ಲೂ ಅಂತ ತಿಳಿದು ಮನೆಯಲ್ಲಿ ಕೂರಬಾರದು. ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ಇಳಿದು ನ್ಯುಮೋನಿಯಾ ಆಗಿರುವ ಸಾಧ್ಯತೆ ಅಲ್ಲಿ ತುಂಬಾ ಹೆಚ್ಚು.

ಫ್ಲೂ ವೈರಸ್ ಮಾಡುವ ಹಾನಿಯೇ ಇದಕ್ಕೆ ದಾರಿ ಮಾಡಿಕೊಡುತ್ತದೆ. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ತೀರಾ ಸಣ್ಣ ರೋಮಗಳಿವೆ. ಕಫವನ್ನು, ಅದರಲ್ಲಿ ಸಿಕ್ಕಿಬಿದ್ದ ಕ್ರಿಮಿಗಳನ್ನು ಅವು ಸದಾ ಮೇಲಕ್ಕೆ ತಳ್ಳುತ್ತಿರುತ್ತವೆ. ಫ್ಲೂ ವೈರಸ್ ಈ ಪದರವನ್ನೇ ಕೆಡಿಸುತ್ತದೆ. ಅದು ಮತ್ತೆ ಸರಿಯಾಗಿ ಬೆಳೆಯಲು ದಿನಗಳು ಬೇಕು. ಅದೇ ಹೊತ್ತಿಗೆ ವೈರಸ್ ಜೊತೆಗಿನ ಹೋರಾಟದಲ್ಲಿ ದೇಹದ ರಕ್ಷಣಾ ಕಣಗಳು ಬ್ಯಾಕ್ಟೀರಿಯಾ ವಿಷಯದಲ್ಲಿ ಸ್ವಲ್ಪ ಮಂಕಾಗುತ್ತವೆ. ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಎಷ್ಟೋ ಜನರ ಮೂಗು, ಗಂಟಲಲ್ಲಿ ಮೊದಲಿನಿಂದಲೇ ಸುಮ್ನೆ ಇರುತ್ತವೆ. ತಡೆ ಇಲ್ಲದಾಗ ಅವು ಕೆಳಗಿಳಿದು ಶ್ವಾಸಕೋಶದಲ್ಲಿ ಬೆಳೆಯುತ್ತವೆ. ಹಾಗಾಗಿಯೇ ಈ ಎರಡನೇ ಪೆಟ್ಟು ಹೆಚ್ಚಾಗಿ ಫ್ಲೂ ಶುರುವಾಗಿ ಸುಮಾರು ಒಂದು ವಾರದ ಆಸುಪಾಸಿನಲ್ಲಿ ಬೀಳುತ್ತದೆ. 1918ರ ಫ್ಲೂ ಮಹಾಮಾರಿಯಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು ದಶಕಗಳ ನಂತರ ಮತ್ತೆ ಪರೀಕ್ಷಿಸಿದಾಗಲೂ ಕಂಡದ್ದು ಇದೇ. ಹೆಚ್ಚಿನವರ ಸಾವಿನಲ್ಲಿ ವೈರಸ್ ಜೊತೆ ಬ್ಯಾಕ್ಟೀರಿಯಾ ನ್ಯುಮೋನಿಯಾವೂ ಸೇರಿತ್ತು.

ಒಂದು ಉದಾಹರಣೆ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಇದು ಯಾರೋ ಒಬ್ಬರ ಕಥೆಯಲ್ಲ. ನಮ್ಮ ಮಲೆನಾಡಿನಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರವನ್ನು ಒಂದು ಕಡೆ ಸೇರಿಸಿದ್ದೇನೆ.

ತೀರ್ಥಹಳ್ಳಿ ತಾಲೂಕಿನ ಒಂದು ಮನೆ. ಜನವರಿ ತಿಂಗಳು, ಅಡಿಕೆ ಕೊಯ್ಲು ಮುಗಿಯುತ್ತಾ ಬಂದಿದೆ. ಯಜಮಾನರಿಗೆ 62 ವರ್ಷ. ಬೀಡಿ ಅಭ್ಯಾಸ ಇತ್ತು, ಬಿಟ್ಟಿದ್ದಾರೆ. ಮೊದಲು ಮೊಮ್ಮಗನಿಗೆ ಜ್ವರ ಬಂತು, ಎರಡು ದಿನ ಬಿಟ್ಟು ಇವರಿಗೆ. 102 ಡಿಗ್ರಿ ಜ್ವರ, ಮೈಕೈ ನೋವು, ಒಣ ಕೆಮ್ಮು. ಪ್ಯಾರಾಸಿಟಮಾಲ್, ಗಂಜಿ, ಮೆಣಸಿನ ಕಷಾಯ ನಡೆಯಿತು. ನಾಲ್ಕನೇ ದಿನ ಜ್ವರ ಬಿಟ್ಟಿತು. ಐದು, ಆರನೇ ದಿನ ಜಗುಲಿಯಲ್ಲಿ ಕೂತು ಅಡಿಕೆ ಸುಲಿಯುವವರ ಜೊತೆ ಮಾತಾಡುವಷ್ಟು ಚೇತರಿಸಿಕೊಂಡರು. ಏಳನೇ ದಿನ ಸಂಜೆ ಕಂಬಳಿ ಹೊದ್ದರೂ ನಿಲ್ಲದ ನಡುಕ. ಜ್ವರ 103 ಡಿಗ್ರಿ. ಬಲಗಡೆ ಪಕ್ಕೆಯಲ್ಲಿ, ಉಸಿರು ಎಳೆದಾಗ ಚುಚ್ಚಿದಂಥ ನೋವು. ರಾತ್ರಿ ಕೆಮ್ಮಿದಾಗ ಬಂದ ಕಫ ತುಕ್ಕಿನ ಬಣ್ಣಕ್ಕಿತ್ತು.

ಹೆಜ್ಜೆ 1: ಜ್ವರದ ದಿನಗಳನ್ನು ಬರೆದಿಡಿ

ತುಂಬಾ ಸಣ್ಣ ಕೆಲಸ ಇದು, ಆದರೆ ವೈದ್ಯರಿಗೆ ಇದರಷ್ಟು ಉಪಯೋಗಕ್ಕೆ ಬರುವ ಮಾಹಿತಿ ಕಡಿಮೆ. ಯಾವ ದಿನ ಶುರುವಾಯಿತು, ಯಾವ ದಿನ ಬಿಟ್ಟಿತು, ಮಧ್ಯೆ ಎಷ್ಟು ಹೊತ್ತು ಮಾತ್ರೆ ಇಲ್ಲದೆಯೂ ಜ್ವರ ಇರಲಿಲ್ಲ, ಮತ್ತೆ ಯಾವಾಗ ಬಂತು. ಕ್ಯಾಲೆಂಡರಿನ ಮೇಲೆ ಪೆನ್ನಲ್ಲಿ ಬರೆದರೂ ಸಾಕು. "ಒಂದು ವಾರದಿಂದ ಜ್ವರ" ಅನ್ನುವುದಕ್ಕೂ "ನಾಲ್ಕು ದಿನ ಇತ್ತು, ಎರಡು ದಿನ ಪೂರ್ತಿ ಬಿಟ್ಟಿತ್ತು, ನಿನ್ನೆ ಸಂಜೆ ನಡುಕ ಬಂದು ಮತ್ತೆ ಶುರು" ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಎರಡನೆಯದನ್ನು ಕೇಳಿದ ಕೂಡಲೇ ವೈದ್ಯರ ಮನಸ್ಸು ಬ್ಯಾಕ್ಟೀರಿಯಾ ಕಡೆ ಹೋಗುತ್ತದೆ.

ಬಿಡುವೇ ಇಲ್ಲದೆ ಜ್ವರ ಮುಂದುವರಿದು, ಮೂರನೇ ದಿನದಿಂದ ಐದನೇ ದಿನದೊಳಗೆ ಉಸಿರಾಟ ಕಷ್ಟವಾಗುತ್ತಾ ಹೋದರೆ ಅದು ಬೇರೆ ಚಿತ್ರ. ಅಲ್ಲಿ ವೈರಸ್ಸೇ ಶ್ವಾಸಕೋಶದ ಆಳಕ್ಕೆ ಇಳಿದಿರಬಹುದು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಉಸಿರು ಎಣಿಸಿ

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಇದಕ್ಕೆ ಗಡಿಯಾರ ಸಾಕು. ರೋಗಿ ಆರಾಮಾಗಿ ಕೂತಿರಲಿ ಅಥವಾ ಒರಗಿರಲಿ. ಕೆಮ್ಮಿದ ಕೂಡಲೇ, ನಡೆದು ಬಂದ ಕೂಡಲೇ ಎಣಿಸಬೇಡಿ. "ನಿಮ್ಮ ಉಸಿರು ಎಣಿಸುತ್ತೇನೆ" ಅಂತ ಹೇಳಲೂ ಬೇಡಿ. ಹೇಳಿದರೆ ಯಾರಾದರೂ ಉಸಿರಿನ ಮೇಲೆ ಗಮನ ಇಟ್ಟು ಅದನ್ನು ಬದಲಿಸಿಬಿಡುತ್ತಾರೆ. ನಾಡಿ ನೋಡುವವರ ಹಾಗೆ ಕೈ ಹಿಡಿದುಕೊಂಡು ಕಣ್ಣನ್ನು ಎದೆ, ಹೊಟ್ಟೆಯ ಮೇಲಿಡಿ. ಒಮ್ಮೆ ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅವಸರ ಬೇಡ, ಲೆಕ್ಕ ತಪ್ಪುತ್ತದೆ.

ದೊಡ್ಡವರಲ್ಲಿ 12ರಿಂದ 20 ಸಾಮಾನ್ಯ. ಜ್ವರ ಇದ್ದಾಗ ಸ್ವಲ್ಪ ಏರುತ್ತದೆ. 24 ದಾಟಿದರೆ ಅವತ್ತೇ ವೈದ್ಯರಿಗೆ ತೋರಿಸಿ. 30 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ. ಮಕ್ಕಳ ಲೆಕ್ಕ ಬೇರೆ. ಎರಡು ತಿಂಗಳೊಳಗಿನ ಮಗುವಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40, ಇಷ್ಟು ಮುಟ್ಟಿದರೆ ಅದು ವೇಗದ ಉಸಿರು. ಮಗುವಿನ ಪಕ್ಕೆಲುಬಿನ ಕೆಳಗಿನ ಭಾಗ ಉಸಿರು ಎಳೆದಾಗ ಒಳಕ್ಕೆ ಗುಳಿ ಬೀಳುತ್ತಿದ್ದರೆ ಎಣಿಸುತ್ತಾ ಕೂರುವುದೂ ಬೇಡ, ಆಸ್ಪತ್ರೆಗೆ ಹೊರಡಿ.

ನಮ್ಮ ಉದಾಹರಣೆಯ ಮನೆಯಲ್ಲಿ ಸೊಸೆ ಎಣಿಸಿದಳು. 28 ಬಂತು.

ಹೆಜ್ಜೆ 3: ಬೆರಳಿನ ಆಕ್ಸಿಮೀಟರ್ ಸರಿಯಾಗಿ ನೋಡಿ

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಎಷ್ಟೋ ಮನೆಗಳ ಡ್ರಾಯರಿನಲ್ಲಿ ಇನ್ನೂ ಇದೆ. ಅದನ್ನು ತೆಗೆಯಿರಿ, ಸೆಲ್ ಬದಲಿಸಿ. ಅಡಿಕೆ ಕೆಲಸ ಮಾಡುವವರ ಬೆರಳಿಗೆ ಕಪ್ಪು ಕಲೆ ಗಟ್ಟಿಯಾಗಿ ಹಿಡಿದಿರುತ್ತದೆ ಅಲ್ವಾ, ಮದರಂಗಿ ಹಚ್ಚಿದವರಿಗೂ ಬಣ್ಣ ಇರುತ್ತದೆ. ಸಾಧ್ಯವಾದಷ್ಟು ಕಲೆ ಇಲ್ಲದ ಬೆರಳು ಆರಿಸಿ. ಕೈ ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿ. ಹಾಕಿದ ಕೂಡಲೇ ಬರುವ ಅಂಕಿಯನ್ನು ನಂಬಬೇಡಿ, ಒಂದು ನಿಮಿಷ ಬಿಟ್ಟು ಅಂಕಿ ಒಂದೇ ಕಡೆ ನಿಂತ ಮೇಲೆ ಓದಿ.

95 ಅಥವಾ ಅದರ ಮೇಲಿದ್ದರೆ ಆ ಗಳಿಗೆಗೆ ಸರಿ. 94 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅವತ್ತೇ ಆಸ್ಪತ್ರೆ. 90ಕ್ಕಿಂತ ಕೆಳಗೆ ಹೋದರೆ ತುರ್ತು. ಈ ಯಂತ್ರ ಕಪ್ಪು ಮೈಬಣ್ಣದವರಲ್ಲಿ ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದುಂಟು. ಹಾಗಾಗಿ ಅಂಕಿ ಚೆನ್ನಾಗಿದ್ದು ಉಸಿರು ಮಾತ್ರ 30 ಇದ್ದರೆ, ಉಸಿರಿನ ಮಾತನ್ನೇ ನಂಬಿ.

ವಯಸ್ಸಾದವರ ವಿಷಯದಲ್ಲಿ ಒಂದು ಎಚ್ಚರಿಕೆ. ಅಜ್ಜ ಅಜ್ಜಿಯರಿಗೆ ನ್ಯುಮೋನಿಯಾ ಆದಾಗ ಜ್ವರವೇ ಬಾರದೆ ಇರಬಹುದು. ಊಟ ಬೇಡ ಅನ್ನುತ್ತಾರೆ, ಇಡೀ ದಿನ ಮಂಪರಿನಲ್ಲಿರುತ್ತಾರೆ, ಹೊತ್ತು ಗೊತ್ತಿಲ್ಲದೆ ಏನೋ ಮಾತಾಡುತ್ತಾರೆ, ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. "ವಯಸ್ಸಾಯಿತು" ಅಂತ ಬಿಡಬೇಡಿ. ಫ್ಲೂ ಬಂದು ಹೋದ ಮನೆಯಲ್ಲಿ ಇದು ಕಂಡರೆ ಮೊದಲು ಉಸಿರು ಎಣಿಸಿ.

ಹೆಜ್ಜೆ 4: ಆಸ್ಪತ್ರೆಯಲ್ಲಿ ವೈದ್ಯರು ಏನು ಹುಡುಕುತ್ತಾರೆ?

ತಾಲೂಕು ಆಸ್ಪತ್ರೆಗೆ ಬಂದಾಗ ಯಜಮಾನರ ನಾಡಿ 112, ರಕ್ತದೊತ್ತಡ 108/66, ಉಸಿರು 28, ಆಕ್ಸಿಜನ್ 91. ಮಾತು ಸ್ಪಷ್ಟವಾಗಿತ್ತು.

ವೈದ್ಯರು ಮೊದಲು ಬೆನ್ನಿನ ಮೇಲೆ ಎಡಗೈ ಬೆರಳಿಟ್ಟು, ಅದರ ಮೇಲೆ ಬಲಗೈ ಬೆರಳಿನಿಂದ ತಟ್ಟುತ್ತಾರೆ. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಇವರ ಬೆನ್ನಿನ ಬಲಭಾಗದ ಕೆಳಗೆ ಆ ಸದ್ದು ಮಂದವಾಗಿತ್ತು. ಸ್ಟೆತಾಸ್ಕೋಪ್ ಇಟ್ಟಾಗ ಅಲ್ಲಿ ಉಸಿರು ಎಳೆದುಕೊಳ್ಳುವ ಹೊತ್ತಿಗೆ ಚರಚರ ಸದ್ದು. ಕಿವಿಯ ಹತ್ತಿರ ನಾಲ್ಕು ಕೂದಲನ್ನು ಬೆರಳಲ್ಲಿ ಉಜ್ಜಿದರೆ ಕೇಳುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಜೊತೆಗೆ ಉಸಿರಿನ ಸದ್ದೇ ಒರಟಾಗಿ, ದೊಡ್ಡ ಶ್ವಾಸನಾಳದ ಮೇಲೆ ಕೇಳುವ ಹಾಗೆ ಕೇಳಿಸುತ್ತಿತ್ತು. ಗಾಳಿ ಇರಬೇಕಾದ ಜಾಗದಲ್ಲಿ ಕೀವು, ದ್ರವ ತುಂಬಿ ಗಟ್ಟಿಯಾದಾಗ ಅದು ಒಳಗಿನ ಸದ್ದನ್ನು ಹೊರಕ್ಕೆ ಚೆನ್ನಾಗಿ ಸಾಗಿಸುತ್ತದೆ. ಅದಕ್ಕೇ ಹೀಗೆ.

ಆಮೇಲೆ, ಮನೆಗೆ ಕಳಿಸಬಹುದಾ, ಸೇರಿಸಿಕೊಳ್ಳಬೇಕಾ ಅನ್ನುವ ತೀರ್ಮಾನ. ಇದಕ್ಕೆ ವೈದ್ಯರು ಬಳಸುವ ಸರಳ ಲೆಕ್ಕದಲ್ಲಿ ನಾಲ್ಕು ಪ್ರಶ್ನೆಗಳಿವೆ. ರೋಗಿಗೆ ಹೊಸದಾಗಿ ಮನಸ್ಸಿನ ಗೊಂದಲ ಇದೆಯಾ? ಉಸಿರು 30 ಅಥವಾ ಹೆಚ್ಚಾ? ರಕ್ತದೊತ್ತಡದ ಮೇಲಿನ ಅಂಕಿ 90ಕ್ಕಿಂತ ಕಡಿಮೆಯಾ, ಅಥವಾ ಕೆಳಗಿನದು 60 ಅಥವಾ ಕಡಿಮೆಯಾ? ವಯಸ್ಸು 65 ಅಥವಾ ಹೆಚ್ಚಾ? ಹೌದು ಅಂದದ್ದಕ್ಕೆ ಒಂದೊಂದು ಅಂಕ. ಅಂಕ ಏರಿದಷ್ಟೂ ಅಪಾಯ ಜಾಸ್ತಿ.

ನಮ್ಮ ಯಜಮಾನರಿಗೆ ಈ ಲೆಕ್ಕದಲ್ಲಿ ಬಂದದ್ದು ಸೊನ್ನೆ. ಲೆಕ್ಕವನ್ನಷ್ಟೇ ನೋಡಿದರೆ ಮಾತ್ರೆ ಕೊಟ್ಟು ಮನೆಗೆ ಕಳಿಸಬಹುದಿತ್ತು. ಆದರೆ ಆ ನಾಲ್ಕು ಪ್ರಶ್ನೆಗಳಲ್ಲಿ ಆಕ್ಸಿಜನ್ ಇಲ್ಲ. 91 ಇದ್ದವರನ್ನು ಯಾವ ಅನುಭವಿ ವೈದ್ಯರೂ ಮನೆಗೆ ಕಳಿಸುವುದಿಲ್ಲ. ಅವರನ್ನು ಸೇರಿಸಿಕೊಂಡು ಆಕ್ಸಿಜನ್ ಹಾಕಿದರು. ಮನೆ ಎಷ್ಟು ದೂರ ಅನ್ನುವುದನ್ನೂ ನಮ್ಮ ಭಾಗದಲ್ಲಿ ಲೆಕ್ಕಕ್ಕೆ ತಗೊಳ್ಳಲೇಬೇಕು. ರಾತ್ರಿ ಹೊತ್ತು ಘಾಟಿ ರಸ್ತೆಯಲ್ಲಿ ಒಂದೂವರೆ ಗಂಟೆ ದಾರಿ ಇರುವ ಒಂಟಿ ಮನೆಯವರನ್ನು ವಾಪಸ್ ಕಳಿಸುವುದು, ಶಿವಮೊಗ್ಗ ಪೇಟೆಯೊಳಗಿನವರನ್ನು ಕಳಿಸಿದ ಹಾಗಲ್ಲ.

ಹೆಜ್ಜೆ 5: ಎಕ್ಸ್‌ರೇ ಏನು ಹೇಳುತ್ತದೆ?

ಎದೆಯ ಎಕ್ಸ್‌ರೇ ಓದುವ ಮೂಲ ಪಾಠ ಇಷ್ಟೇ. ಗಾಳಿ ಕಪ್ಪಾಗಿ ಕಾಣುತ್ತದೆ, ಮೂಳೆ, ಹೃದಯ, ದ್ರವ ಬೆಳ್ಳಗೆ ಕಾಣುತ್ತವೆ. ಆರೋಗ್ಯವಂತ ಶ್ವಾಸಕೋಶ ಬಹುಪಾಲು ಗಾಳಿ, ಹಾಗಾಗಿ ಕಪ್ಪು. ಫಿಲ್ಮ್ ಎದುರಿಗೆ ಹಿಡಿದಾಗ ನಿಮ್ಮ ಎಡಕ್ಕೆ ಕಾಣುವುದು ರೋಗಿಯ ಬಲಭಾಗ.

ಯಜಮಾನರ ಫಿಲ್ಮಿನಲ್ಲಿ ಬಲ ಶ್ವಾಸಕೋಶದ ಕೆಳಭಾಗ ದಟ್ಟ ಬಿಳಿ. ಆ ಬಿಳಿಯೊಳಗೆ ಕವಲೊಡೆದ ಸಣ್ಣ ಕಪ್ಪು ಗೆರೆಗಳು. ಈ ಗೆರೆಗಳು ಮುಖ್ಯ. ಅವು ಶ್ವಾಸನಾಳಗಳು. ಸುತ್ತಲಿನ ಗಾಳಿಚೀಲಗಳೆಲ್ಲ ಕೀವು ತುಂಬಿ ಬೆಳ್ಳಗಾಗಿವೆ, ನಾಳಗಳಲ್ಲಿ ಮಾತ್ರ ಇನ್ನೂ ಗಾಳಿ ಇದೆ, ಅದಕ್ಕೇ ಕಪ್ಪಾಗಿ ಎದ್ದು ಕಾಣುತ್ತವೆ. ಎದೆಗೂಡಿನೊಳಗೆ, ಶ್ವಾಸಕೋಶದ ಹೊರಗೆ ನೀರು ತುಂಬಿದ್ದರೆ ಸಾಮಾನ್ಯವಾಗಿ ಈ ಗೆರೆಗಳು ಕಾಣುವುದಿಲ್ಲ. ಹಾಗಾಗಿ ಶ್ವಾಸಕೋಶವೇ ಗಟ್ಟಿಯಾಗಿದೆ ಅನ್ನುವುದಕ್ಕೆ ಇದು ಒಳ್ಳೆಯ ಗುರುತು.

ಇನ್ನೊಂದು ವಿಷಯವನ್ನು ಹತ್ತಿರದಿಂದ ನೋಡೋಣ. ವಪೆಯ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯ, ಬಲಗಡೆಯ ಗೆರೆ ಇವರ ಫಿಲ್ಮಿನಲ್ಲಿ ಅಳಿಸಿಹೋಗಿತ್ತು. ಹೃದಯದ ಬಲ ಅಂಚು ಮಾತ್ರ ಚೊಕ್ಕವಾಗಿತ್ತು. ಕಪ್ಪಿಗೆ ಬಿಳಿ ತಾಗಿದಾಗ ಮಾತ್ರ ಅಂಚು ಕಾಣುತ್ತದೆ. ಬಿಳಿಗೆ ಬಿಳಿ ತಾಗಿದರೆ ಗೆರೆ ಮಾಯ. ಬಲ ಶ್ವಾಸಕೋಶದ ಕೆಳ ಹಾಲೆ, ಅಂದರೆ ಕೆಳಗಿನ ಭಾಗ, ವಪೆಯ ಮೇಲೆ ಕೂತಿರುತ್ತದೆ, ಮಧ್ಯದ ಹಾಲೆ ಹೃದಯದ ಪಕ್ಕದಲ್ಲಿರುತ್ತದೆ. ವಪೆ ಅಳಿಸಿ ಹೃದಯದ ಅಂಚು ಉಳಿದಿದೆ ಅಂದರೆ ಸೋಂಕು ಕೆಳ ಹಾಲೆಯಲ್ಲಿದೆ. ಒಂದೇ ಒಂದು ಫಿಲ್ಮಿನಿಂದ, ಎದೆಯ ಒಳಗೆ ಇಷ್ಟು ಖಚಿತವಾಗಿ ಜಾಗ ಹೇಳಬಹುದು.

ಒಂದು ಹಾಲೆಯಲ್ಲಿ ಹೀಗೆ ದಟ್ಟ ಬಿಳಿ, ಅದಕ್ಕೆ ತಕ್ಕ ಹಾಗೆ ಏಳನೇ ದಿನದ ನಡುಕ, ಪಕ್ಕೆ ನೋವು, ತುಕ್ಕು ಬಣ್ಣದ ಕಫ. ಇದು ಪಠ್ಯಪುಸ್ತಕದಲ್ಲಿರುವಂಥ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಚಿತ್ರ.

ಆದರೆ ಎಕ್ಸ್‌ರೇಗೆ ಮಿತಿಗಳೂ ಇವೆ. ರೋಗ ಶುರುವಾದ ಮೊದಲ ದಿನ ಫಿಲ್ಮ್ ಸ್ವಚ್ಛವಾಗಿ ಕಾಣಬಹುದು. ಎಡ ಶ್ವಾಸಕೋಶದ ಕೆಳಭಾಗದ ಕಲೆ ಹೃದಯದ ಹಿಂದೆ ಅಡಗಬಹುದು. ರೋಗಿಗೆ ನಿಲ್ಲಲು ಆಗದೆ ಮಲಗಿಸಿ ತೆಗೆದ ಫಿಲ್ಮಿನಲ್ಲಿ ಹೃದಯ ದೊಡ್ಡದಾಗಿ ಕಾಣುತ್ತದೆ, ಉಸಿರು ಪೂರ್ತಿ ಎಳೆಯದಿದ್ದರೆ ಕೆಳಭಾಗ ಸುಮ್ನೆ ಮಬ್ಬಾಗಿ ಕಾಣುತ್ತದೆ. "ಎಕ್ಸ್‌ರೇ ನಾರ್ಮಲ್" ಅಂತ ಬಂದರೂ ಎದೆಯಲ್ಲಿ ಚರಚರ ಸದ್ದು ಇದ್ದು ಆಕ್ಸಿಜನ್ ಕಡಿಮೆ ಇದ್ದರೆ, ವೈದ್ಯರು ನ್ಯುಮೋನಿಯಾ ಅಂತಲೇ ಚಿಕಿತ್ಸೆ ಶುರು ಮಾಡಿ ಒಂದೆರಡು ದಿನ ಬಿಟ್ಟು ಮತ್ತೊಂದು ಫಿಲ್ಮ್ ತೆಗೆಸಬಹುದು. ಅದನ್ನು ಅನಗತ್ಯ ಖರ್ಚು ಅಂತ ತಿಳಿಯಬೇಡಿ.

ಸಿಟಿ ಸ್ಕ್ಯಾನ್ ಎಲ್ಲರಿಗೂ ಬೇಡ. ಕೋವಿಡ್ ನಂತರ "ಸಿಟಿ ಸ್ಕೋರ್ ಎಷ್ಟು ಡಾಕ್ಟ್ರೇ?" ಅಂತ ಕೇಳುವುದು ರೂಢಿಯಾಗಿದೆ. ಮೇಲಿನಂಥ ಸ್ಪಷ್ಟ ಚಿತ್ರ ಇರುವಾಗ ಸಿಟಿಯಿಂದ ಚಿಕಿತ್ಸೆ ಬದಲಾಗುವುದಿಲ್ಲ, ವಿಕಿರಣ ಮಾತ್ರ ಎಕ್ಸ್‌ರೇಗಿಂತ ಎಷ್ಟೋ ಪಟ್ಟು ಹೆಚ್ಚು. ಎಕ್ಸ್‌ರೇ ಗೊಂದಲ ಮಾಡಿದಾಗ, ಚಿಕಿತ್ಸೆಗೆ ಜಗ್ಗದಿದ್ದಾಗ, ಕೀವಿನ ಗೂಡು ಆಗಿದೆಯೋ ಅನ್ನುವ ಅನುಮಾನ ಇದ್ದಾಗ, ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರಲ್ಲಿ ಅದು ಬೇಕಾಗುತ್ತದೆ. ಶ್ವಾಸಕೋಶದ ಸುತ್ತ ನೀರಿದೆಯಾ ಅಂತ ನೋಡಲು ಅಲ್ಟ್ರಾಸೌಂಡ್ ಸಾಕು, ಅದನ್ನು ಹಾಸಿಗೆಯ ಪಕ್ಕದಲ್ಲೇ ಮಾಡಬಹುದು.

ಹೆಜ್ಜೆ 6: ವೈರಸ್ಸಾ, ಬ್ಯಾಕ್ಟೀರಿಯಾನಾ?

ವೈರಸ್ ನ್ಯುಮೋನಿಯಾದ ಮುಖವೇ ಬೇರೆ. 34 ವರ್ಷದ ಗರ್ಭಿಣಿಯೊಬ್ಬರನ್ನು ಊಹಿಸಿಕೊಳ್ಳಿ. ಫ್ಲೂ ಶುರುವಾಗಿ ನಾಲ್ಕು ದಿನ. ಜ್ವರ ಒಮ್ಮೆಯೂ ಪೂರ್ತಿ ಬಿಟ್ಟಿಲ್ಲ. ಮೂರನೇ ದಿನದಿಂದ ಮೆಟ್ಟಿಲು ಹತ್ತಿದರೆ ಏದುಸಿರು, ಈಗ ಮಾತಾಡಿದರೂ ಏದುಸಿರು. ಕಫ ಇಲ್ಲ, ಒಣ ಕೆಮ್ಮು. ಚರಚರ ಸದ್ದು ಒಂದು ಕಡೆ ಅಲ್ಲ, ಎರಡೂ ಕಡೆ. ಎಕ್ಸ್‌ರೇಯಲ್ಲಿ ದಟ್ಟ ಬಿಳಿಯ ಬದಲು ಎರಡೂ ಶ್ವಾಸಕೋಶದಲ್ಲಿ ಚದುರಿದ ಮಬ್ಬು. ಸಿಟಿ ಮಾಡಿದರೆ ಆ ಮಬ್ಬಿನ ಮೂಲಕವೂ ರಕ್ತನಾಳಗಳು ಕಾಣುತ್ತಿರುತ್ತವೆ. ಅಂದರೆ ಗಾಳಿಚೀಲ ಪೂರ್ತಿ ತುಂಬಿಲ್ಲ, ಅದರ ಗೋಡೆ ಊದಿಕೊಂಡಿದೆ, ಒಳಗೆ ಸ್ವಲ್ಪ ದ್ರವ ಇಳಿದಿದೆ. ಆಕ್ಸಿಜನ್ ಗಂಟೆಗಳ ಲೆಕ್ಕದಲ್ಲಿ ಇಳಿಯಬಹುದು. ಗರ್ಭಿಣಿಯರು, ತೀರಾ ದಪ್ಪ ಇರುವವರು, ಹೃದಯ ಅಥವಾ ಶ್ವಾಸಕೋಶದ ಹಳೆಯ ಕಾಯಿಲೆ ಇರುವವರಲ್ಲಿ ಈ ಅಪಾಯ ಹೆಚ್ಚು. ಇವರಿಗೆ ಬೇಕಾದದ್ದು ಫ್ಲೂ ವೈರಸ್ ವಿರುದ್ಧದ ಒಸೆಲ್ಟಮಿವಿರ್. ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಫಲ ಹೆಚ್ಚು. ತಡವಾಗಿ ಬಂದರೂ, ಆಸ್ಪತ್ರೆಗೆ ಸೇರಿಸುವಷ್ಟು ಕಾಯಿಲೆ ಇದ್ದರೆ ಕೊಡುತ್ತಾರೆ. ಮೂಗು, ಗಂಟಲಿನ ಸ್ವ್ಯಾಬ್ ಫಲಿತಾಂಶ ಬರುವವರೆಗೆ ಕಾಯುವುದೂ ಇಲ್ಲ.

ಮೂರನೆಯದೊಂದಿದೆ, ಅದಕ್ಕೆ ನಾವೆಲ್ಲ ಹೆದರುತ್ತೇವೆ. ಸ್ಟೆಫಿಲೋಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ. ಚರ್ಮದ ಮೇಲೆ ಕುರು ಎಬ್ಬಿಸುವುದು ಇದೇ. ಫ್ಲೂ ಬೆನ್ನಿಗೇ ಇದು ಶ್ವಾಸಕೋಶಕ್ಕೆ ಇಳಿದರೆ ಆರೋಗ್ಯವಾಗಿದ್ದ ಯುವಕರನ್ನೂ ಒಂದೆರಡು ದಿನದಲ್ಲಿ ಐಸಿಯುಗೆ ತಲುಪಿಸಬಲ್ಲದು. ಕಫದಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಬಿಳಿ ಕಲೆಯ ಮಧ್ಯೆ ಟೊಳ್ಳು, ಎದೆಗೂಡಿನಲ್ಲಿ ಕೀವು ತುಂಬುವುದು ಇದರ ಗುರುತುಗಳು. ಮಾಮೂಲಿ ನ್ಯುಮೋನಿಯಾ ಔಷಧಿ ಇದಕ್ಕೆ ಸಾಲದೆ ಹೋಗಬಹುದು, ಹಾಗಾಗಿ ಅನುಮಾನ ಬಂದ ಕೂಡಲೇ ವೈದ್ಯರು ಔಷಧಿ ಬದಲಿಸುತ್ತಾರೆ.

ರಕ್ತ ಪರೀಕ್ಷೆ ಒಂದಿಷ್ಟು ದಾರಿ ತೋರುತ್ತದೆ. ಯಜಮಾನರ ಬಿಳಿ ರಕ್ತಕಣ 18,400, ಅದರಲ್ಲಿ ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಕಣ ಶೇಕಡ 88. ಉರಿಯೂತ ಎಷ್ಟಿದೆ ಅಂತ ತೋರಿಸುವ ಸಿಆರ್‌ಪಿ 180. ಇದು ಬ್ಯಾಕ್ಟೀರಿಯಾ ಕಡೆ ವಾಲುತ್ತದೆ. ಬರೀ ವೈರಸ್ ಇದ್ದಾಗ ಬಿಳಿ ಕಣ ಸಾಮಾನ್ಯವಾಗಿ ಮಾಮೂಲಿ ಇರುತ್ತದೆ ಅಥವಾ ಕಡಿಮೆಯಾಗುತ್ತದೆ. ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೋಡಿ ಜೋಡಿಯಾಗಿ ನಿಂತ ಬ್ಯಾಕ್ಟೀರಿಯಾ ಕಂಡವು, ನ್ಯುಮೋಕಾಕಸ್ ನಿಲ್ಲುವುದು ಹಾಗೆಯೇ. ಕಫ ಕೊಡುವಾಗ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದದ್ದನ್ನು ಕೊಡಿ. ಡಬ್ಬಿಯಲ್ಲಿ ಎಂಜಲು ಮಾತ್ರ ಇದ್ದರೆ ಪರೀಕ್ಷೆ ವ್ಯರ್ಥ.

ಇಷ್ಟೆಲ್ಲ ಆದರೂ ಯಾವುದೇ ಒಂದು ಪರೀಕ್ಷೆ, ಎಕ್ಸ್‌ರೇ ಕೂಡ, ಇದು ವೈರಸ್, ಇದು ಬ್ಯಾಕ್ಟೀರಿಯಾ ಅಂತ ಗೆರೆ ಎಳೆದು ಹೇಳುವುದಿಲ್ಲ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ದಿನಗಳ ಲೆಕ್ಕ, ಎದೆಯ ಸದ್ದು, ಫಿಲ್ಮ್, ರಕ್ತ ಎಲ್ಲವನ್ನೂ ಸೇರಿಸಿ ವೈದ್ಯರು ಒಂದು ತೀರ್ಮಾನಕ್ಕೆ ಬರುತ್ತಾರೆ. ಫ್ಲೂ ಬಂದವರಿಗೆ ನ್ಯುಮೋನಿಯಾ ಜೋರಾಗಿದ್ದರೆ ಎರಡಕ್ಕೂ ಔಷಧಿ ಶುರು ಮಾಡುವುದು ಅದಕ್ಕೇ. "ಯಾವ ಕಾಯಿಲೆ ಅಂತ ಡಾಕ್ಟ್ರಿಗೇ ಗೊತ್ತಿಲ್ಲ" ಅಂತ ಇದನ್ನು ಅರ್ಥ ಮಾಡಿಕೊಳ್ಳಬೇಡಿ.

ಹೆಜ್ಜೆ 7: ಮಲೆನಾಡಿನಲ್ಲಿ ಇನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು

"ಬಿಟ್ಟು ಮತ್ತೆ ಬರುವ ಜ್ವರ" ನಮ್ಮ ಜಿಲ್ಲೆಯಲ್ಲಿ ನ್ಯುಮೋನಿಯಾ ಒಂದರದ್ದೇ ಲಕ್ಷಣ ಅಲ್ಲ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯೂ ಕೆಲವರಲ್ಲಿ ಹೀಗೆಯೇ ನಡೆಯುತ್ತದೆ. ಒಂದಷ್ಟು ದಿನ ಜ್ವರ, ಒಂದೆರಡು ವಾರ ಬಿಡುವು, ಮತ್ತೆ ಜ್ವರ. ಕಾಲವೂ ಡಿಸೆಂಬರ್‌ನಿಂದ ಮೇ ತನಕ. ಆದರೆ ಅದರ ಎರಡನೇ ಸುತ್ತಿನಲ್ಲಿ ಎದೆಗಿಂತ ತಲೆ ಮುಖ್ಯವಾಗುತ್ತದೆ. ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ನಡುಕ, ಗೊಂದಲ. ರಕ್ತದಲ್ಲಿ ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಸಾಮಾನ್ಯವಾಗಿ ಕಡಿಮೆಯಾಗಿರುತ್ತವೆ. ಯಜಮಾನರ ಪ್ಲೇಟ್‌ಲೆಟ್ ಸರಿಯಾಗಿತ್ತು, ಬಿಳಿ ಕಣ ಏರಿತ್ತು, ಹಾಗಾಗಿ ಆ ಅನುಮಾನ ಹಿಂದೆ ಸರಿಯಿತು.

ಕಾಡಿಗೆ ಸೊಪ್ಪು, ದರಗು, ಸೌದೆ ತರಲು ಹೋಗಿದ್ದರೆ, ಮೈಗೆ ಉಣುಗು ಕಚ್ಚಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ, ಅವರು ಕೇಳದಿದ್ದರೂ ನೀವಾಗೇ ವೈದ್ಯರಿಗೆ ಹೇಳಿ. ಇಲಿ ಜ್ವರ, ಪೊದೆಯ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಕೂಡ ಶ್ವಾಸಕೋಶಕ್ಕೆ ಇಳಿದು ಎರಡೂ ಕಡೆ ಮಬ್ಬು ಮಾಡಬಲ್ಲವು, ಅವುಗಳಿಗೆ ಬೇರೆ ಔಷಧಿ ಬೇಕಾಗಬಹುದು. ಮಳೆಗಾಲದಲ್ಲಿ ಬರಿಗಾಲಲ್ಲಿ ಗದ್ದೆಗೆ ಇಳಿದದ್ದು, ಮೈಮೇಲೆ ಸುಟ್ಟ ಗಾಯದಂಥ ಕಪ್ಪು ಹಕ್ಕಳೆ ಇರುವುದು, ಇಂಥ ಸಣ್ಣ ವಿವರಗಳೇ ಅಲ್ಲಿ ರೋಗದ ಸುಳಿವು ಕೊಡುತ್ತವೆ. ಎರಡು ವಾರ ದಾಟಿದ ಕೆಮ್ಮು, ತೂಕ ಇಳಿಕೆ ಇದ್ದರೆ ಕ್ಷಯದ ಪರೀಕ್ಷೆಗೂ ಕಫ ಕಳಿಸುತ್ತಾರೆ.

ಹೆಜ್ಜೆ 8: ಔಷಧಿ ಶುರುವಾದ ಮೇಲೆ

ಯಜಮಾನರಿಗೆ ರಕ್ತದ ಮಾದರಿ ತೆಗೆದ ಕೂಡಲೇ ಬ್ಯಾಕ್ಟೀರಿಯಾ ವಿರುದ್ಧ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಅಜಿತ್ರೊಮೈಸಿನ್, ಜೊತೆಗೆ ವೈರಸ್ ವಿರುದ್ಧ ಒಸೆಲ್ಟಮಿವಿರ್ ಶುರು ಮಾಡಿದರು. ಮೂರನೇ ದಿನ ಜ್ವರ ಇಳಿಯಿತು, ಉಸಿರು 20ಕ್ಕೆ ಬಂತು, ನಾಲ್ಕನೇ ದಿನ ಆಕ್ಸಿಜನ್ ತೆಗೆದರೂ 95 ನಿಂತಿತು. ಆಮೇಲೆ ಮಾತ್ರೆಗೆ ಬದಲಿಸಿ ಐದನೇ ದಿನ ಮನೆಗೆ ಕಳಿಸಿದರು.

ಇಲ್ಲಿ ಎರಡು ವಿಷಯಗಳನ್ನು ಬಿಡಿಸಿ ಹೇಳಬೇಕು. ಮೊದಲನೆಯದು, ಔಷಧಿ ಅಂಗಡಿಯಿಂದ ತರುವ ಮೂರು ಮಾತ್ರೆಯ ಅಜಿತ್ರೊಮೈಸಿನ್. ಫ್ಲೂ ವೈರಸ್‌ಗೆ ಅದು ಏನೂ ಮಾಡುವುದಿಲ್ಲ, ಮುಂದೆ ಬರುವ ನ್ಯುಮೋನಿಯಾವನ್ನು ತಡೆಯುತ್ತದೆ ಅನ್ನುವ ಭರವಸೆಯೂ ಇಲ್ಲ. ನಮ್ಮ ದೇಶದಲ್ಲಿ ಎಷ್ಟೋ ನ್ಯುಮೋಕಾಕಸ್‌ಗಳು ಆ ಔಷಧಿಗೆ ಬಗ್ಗುವುದಿಲ್ಲ. ಅರೆಬರೆ ಔಷಧಿ ತಗೊಂಡು ಬಂದರೆ ಕಫದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು, ಗುರುತಿಸುವುದೇ ಕಷ್ಟವಾಗುತ್ತದೆ. ಎರಡನೆಯದು ಸ್ಟೀರಾಯ್ಡ್. ಫ್ಲೂ ಜ್ವರಕ್ಕೆ "ಬೇಗ ಇಳಿಯಲಿ" ಅಂತ ಡೆಕ್ಸಾಮೆಥಸೋನ್ ಸೇರಿಸಿದ ಇಂಜೆಕ್ಷನ್, ಮಾತ್ರೆ ಹಾಕಿಸಿಕೊಳ್ಳುವವರಿದ್ದಾರೆ. ಒಂದು ದಿನ ಮೈ ಹಗುರ ಅನ್ನಿಸುತ್ತದೆ. ಆದರೆ ಅದು ಜ್ವರವನ್ನು ಮುಚ್ಚಿಡುತ್ತದೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಏರಿಸುತ್ತದೆ, ಬ್ಯಾಕ್ಟೀರಿಯಾಗೆ ಅನುಕೂಲ ಮಾಡಿಕೊಡುತ್ತದೆ. ಅಸ್ತಮಾದಂಥ ಬೇರೆ ಕಾರಣಕ್ಕೆ ವೈದ್ಯರು ಕೊಟ್ಟದ್ದನ್ನು ಬಿಡಬೇಡಿ. ಬರೀ ಫ್ಲೂಗೆ ಅಂತ ಹಾಕಿಸಿಕೊಳ್ಳಬೇಡಿ.

ಸರಿಯಾದ ಔಷಧಿ ಬಿದ್ದರೆ 48ರಿಂದ 72 ಗಂಟೆಯೊಳಗೆ ಜ್ವರ, ಉಸಿರು, ಹಸಿವು ಮೂರೂ ಸುಧಾರಿಸುತ್ತಾ ಬರಬೇಕು. ಬಾರದಿದ್ದರೆ ಏನೋ ತಪ್ಪಿದೆ ಅಂತ ಅರ್ಥ. ಶ್ವಾಸಕೋಶದ ಸುತ್ತ ಕೀವು ತುಂಬಿದೆಯಾ? ತುಂಬಿದ್ದರೆ ಔಷಧಿ ಒಂದೇ ಸಾಲದು, ನಳಿಕೆ ಹಾಕಿ ತೆಗೆಯಲೇಬೇಕು. ಬ್ಯಾಕ್ಟೀರಿಯಾ ಬೇರೆಯದಾ? ಕ್ಷಯ ಇದೆಯಾ? ಈ ಹಂತದಲ್ಲಿ ಅಲ್ಟ್ರಾಸೌಂಡ್, ಮತ್ತೊಂದು ಎಕ್ಸ್‌ರೇ ಅಥವಾ ಸಿಟಿ ಬೇಕಾಗುತ್ತದೆ. ತಾಲೂಕಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಹೋಗುವಾಗ ಮೊದಲ ದಿನದ ಫಿಲ್ಮ್, ಕೊಟ್ಟ ಔಷಧಿಯ ಚೀಟಿ, ನೀವು ಕ್ಯಾಲೆಂಡರಿನಲ್ಲಿ ಬರೆದ ಜ್ವರದ ದಿನಗಳು, ಮೂರೂ ಜೊತೆಗಿರಲಿ.

ಎಕ್ಸ್‌ರೇ ಮಾತ್ರ ರೋಗಿಗಿಂತ ನಿಧಾನವಾಗಿ ಸುಧಾರಿಸುತ್ತದೆ. ಯಜಮಾನರು ಮನೆಗೆ ಹೊರಟ ದಿನವೂ ಬಿಳಿ ಕಲೆ ಹಾಗೇ ಇತ್ತು. ಮನೆಯವರು ಗಾಬರಿಯಾದರು. ಮನುಷ್ಯ ಚೆನ್ನಾಗಿ ಉಣ್ಣುತ್ತಾ, ಉಸಿರು ಸರಿ ಇದ್ದರೆ ವಾರ ವಾರ ಫಿಲ್ಮ್ ತೆಗೆಸುವ ಅಗತ್ಯ ಇಲ್ಲ. ವಯಸ್ಸಾದವರಲ್ಲಿ ಕಲೆ ಪೂರ್ತಿ ಕರಗಲು ಆರರಿಂದ ಎಂಟು ವಾರ ಹಿಡಿಯಬಹುದು, ಕೆಲವರಿಗೆ ಇನ್ನೂ ಹೆಚ್ಚು. ಆದರೆ ಇವರ ವಯಸ್ಸು 50 ದಾಟಿದೆ, ಬೀಡಿ ಸೇದಿದ ಇತಿಹಾಸ ಇದೆ. ಇಂಥವರಿಗೆ ಆರು ವಾರದ ಹೊತ್ತಿಗೆ ಒಂದು ಎಕ್ಸ್‌ರೇ ಕಡ್ಡಾಯ ಅಂತಲೇ ನಾನು ಹೇಳುತ್ತೇನೆ. ಶ್ವಾಸನಾಳವನ್ನು ಮುಚ್ಚುವ ಗಡ್ಡೆಯೊಂದು ನ್ಯುಮೋನಿಯಾದ ಹಿಂದೆ ಅಡಗಿರುವುದುಂಟು. ಕಲೆ ಕರಗದೆ ಅಲ್ಲೇ ಉಳಿದಿದ್ದರೆ ಅದನ್ನು ಹುಡುಕಲು ಸಿಟಿ ಮಾಡಿಸಬೇಕು. ಆ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಡಿ. ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆ ಯಾವಾಗ ಹಾಕಿಸಿಕೊಳ್ಳಬೇಕು ಅನ್ನುವುದನ್ನೂ ಅವತ್ತೇ ಕೇಳಿ.